ಒಂದೇ ಪಾಳಿಯಲ್ಲಿ ಕೆಲಸದ ಹಂಚಿಕೆ ಸರಿಯಿಲ್ಲವೇ? ವಾರ್ಡ್ ಸಿಸ್ಟರ್‌ಗಳು ದೂರು ಪತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ವಾರ್ಡಿನಲ್ಲಿ, ಒಂದೇ ರಾತ್ರಿ ಪಾಳಿಯಲ್ಲಿ ಮೂವರು ಸಿಸ್ಟರ್‌ಗಳಿರುತ್ತಾರೆ. ಒಬ್ಬರು ಬೆಳಗಿನವರೆಗೆ ಕುಳಿತುಕೊಳ್ಳಲೂ ಬಿಡುವಿಲ್ಲದೆ ಓಡಾಡುತ್ತಾರೆ, ಇನ್ನೊಬ್ಬರ ಕೆಲಸ ಮಧ್ಯರಾತ್ರಿಗೆಲ್ಲ ಮುಗಿದಿರುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಜಗಳವಾಗುತ್ತದೆ, ಬರೆದು ಕೊಟ್ಟರೆ ಏನಾದೀತೋ ಎಂಬ ಭಯ. ಖಾಸಗಿ ಆಸ್ಪತ್ರೆಗಳ ವಾರ್ಡ್‌ಗಳಲ್ಲಿ ಕೆಲಸ ಮಾಡುವ ಸ್ಟಾಫ್ ನರ್ಸ್‌ಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟು ಈ ಉತ್ತರಗಳನ್ನು ಬರೆದಿದ್ದೇನೆ. ಸರ್ಕಾರಿ ಆಸ್ಪತ್ರೆಯವರಿಗೂ ಗುತ್ತಿಗೆ ನೌಕರರಿಗೂ ಬೇರೆಯಾಗುವ ಸಂಗತಿಗಳನ್ನು ಆಯಾ ಕಡೆ ಹೇಳಿದ್ದೇನೆ.

ನಮ್ಮಲ್ಲಿ ಹಾಸಿಗೆಗಳನ್ನು ಸಮನಾಗಿಯೇ ಹಂಚಿದ್ದಾರೆ. ಹಾಗಿದ್ದರೂ ದೂರು ಕೊಡಬಹುದೇ?

ಕೊಡಬಹುದು. ಅನ್ಯಾಯ ಹೆಚ್ಚಾಗಿ ಅಡಗಿರುವುದೇ ಈ ಸಮ ಹಂಚಿಕೆಯ ಒಳಗೆ. ಮೂವತ್ತು ಹಾಸಿಗೆಯ ಜನರಲ್ ಮೆಡಿಸಿನ್ ವಾರ್ಡ್ ಒಂದನ್ನು ತೆಗೆದುಕೊಳ್ಳೋಣ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಮೂವರು ಸಿಸ್ಟರ್‌ಗಳು. ಒಬ್ಬರಿಗೆ 1ರಿಂದ 10, ಇನ್ನೊಬ್ಬರಿಗೆ 11ರಿಂದ 20, ಮತ್ತೊಬ್ಬರಿಗೆ 21ರಿಂದ 30. ಕಾಗದದ ಮೇಲೆ ಯಾರೂ ತಪ್ಪು ಹುಡುಕಲಾರರು.

ಈಗ ವಾರ್ಡಿನೊಳಗೆ ಹೋಗಿ ನೋಡಿ. ಆಮ್ಲಜನಕದ ಮತ್ತು ಸಕ್ಷನ್‌ನ ಪಾಯಿಂಟ್‌ಗಳು ನರ್ಸಿಂಗ್ ಸ್ಟೇಷನ್‌ಗೆ ಹತ್ತಿರದ ಮೊದಲ ಎಂಟು ಹಾಸಿಗೆಗಳ ಗೋಡೆಯಲ್ಲಿ ಮಾತ್ರ ಇವೆ. ಗಂಭೀರ ರೋಗಿಗಳನ್ನು ಅಲ್ಲಿಯೇ ಮಲಗಿಸಬೇಕು, ಅದು ಸರಿಯೂ ಹೌದು. ಆದರೆ ಅದರಿಂದಾಗಿ 1ರಿಂದ 10 ಯಾರ ಪಾಲಿಗೆ ಬರುತ್ತದೆಯೋ ಅವರಿಗೆ ಇಡೀ ವಾರ್ಡಿನ ಭಾರದ ರೋಗಿಗಳೆಲ್ಲ ಸೇರುತ್ತಾರೆ. ಕಿಟಕಿಯ ಬದಿಯ 21ರಿಂದ 30ರಲ್ಲಿ ನಾಳೆ ಮನೆಗೆ ಹೋಗುವವರು, ತಾವೇ ಎದ್ದು ಓಡಾಡುವವರು ಇರುತ್ತಾರೆ.

ಒಂದು ರಾತ್ರಿಯ ಲೆಕ್ಕ ಹಾಕೋಣ. ಮೊದಲ ಹತ್ತರಲ್ಲಿ ಒಬ್ಬರಿಗೆ ಗಂಟೆಗೊಮ್ಮೆ ಸಕ್ಕರೆ ನೋಡಿ ಇನ್ಸುಲಿನ್ ಹೊಂದಿಸಬೇಕು. ಬರೆದಿಡುವುದೂ ಸೇರಿ ಒಂದು ಸಲಕ್ಕೆ ಐದು ನಿಮಿಷ ಎಂದರೂ ಹನ್ನೆರಡು ಸಲಕ್ಕೆ ಒಂದು ಗಂಟೆ. ಇನ್ನೊಬ್ಬರಿಗೆ ಟ್ರಕಿಯಾಸ್ಟಮಿ ಆಗಿದೆ. ಕಫ ಕಟ್ಟಿದಾಗಲೆಲ್ಲ ಸಕ್ಷನ್ ಮಾಡಬೇಕು. ಸರಾಸರಿ ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಎಂದಿಟ್ಟುಕೊಂಡರೆ ಮತ್ತೊಂದು ಗಂಟೆ. ಮೂರನೆಯವರು ಪಾರ್ಶ್ವವಾಯುವಿನ ರೋಗಿ. ಬೆಡ್ ಸೋರ್ ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಅದಕ್ಕೂ ಒಂದು ಗಂಟೆ. ಮೂರೇ ರೋಗಿಗಳಿಗೆ ಮೂರು ಗಂಟೆ ಹೋಯಿತು. ಉಳಿದವರ ಬಿಪಿ, ಜ್ವರ, ರಾತ್ರಿ 10ರ ಮತ್ತು ಬೆಳಿಗ್ಗೆ 6ರ ಇಂಜೆಕ್ಷನ್, ಮುಂಜಾನೆಯ ರಕ್ತದ ಮಾದರಿ ಎಲ್ಲವೂ ಇದರ ಮೇಲೆ. ಆ ತುದಿಯಲ್ಲಿ ಏಳು ರೋಗಿಗಳಿದ್ದು, ಇಬ್ಬರಿಗೆ ಮಾತ್ರ ಇಂಜೆಕ್ಷನ್ ಇದ್ದರೆ, ಗಡಿಯಾರ ನೋಡಿ ಮಾಡಬೇಕಾದ ಕೆಲಸವೆಲ್ಲ ಎರಡು ಗಂಟೆಯೊಳಗೆ ಮುಗಿಯುತ್ತದೆ.

ಇದರ ನಡುವೆ ರಾತ್ರಿ ಹನ್ನೊಂದೂವರೆಗೆ ಉಬ್ಬಸದ ರೋಗಿ ಬರುತ್ತಾರೆ. ಆಮ್ಲಜನಕವಿರುವ ಹಾಸಿಗೆಗಳಲ್ಲಿ ಖಾಲಿ ಇರುವುದು 6ನೇ ಹಾಸಿಗೆ ಒಂದೇ. ಅಡ್ಮಿಷನ್ ಕೂಡ ಅದೇ ಸಿಸ್ಟರ್‌ಗೆ ಬೀಳುತ್ತದೆ. ಕ್ಯಾನುಲಾ ಹಾಕಿ, ರಕ್ತ ತೆಗೆದು, ನೆಬುಲೈಸೇಷನ್ ಕೊಟ್ಟು, ಕೇಸ್ ಶೀಟ್ ತುಂಬಿ, ಮನೆಯವರ ಗಾಬರಿಗೆ ಉತ್ತರ ಹೇಳುವಷ್ಟರಲ್ಲಿ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಇನ್ಸುಲಿನ್ ರೋಗಿಯ ಒಂದು ಪರೀಕ್ಷೆಯಾದರೂ ತಡವಾಗುತ್ತದೆ. ನಿಮ್ಮ ದೂರಿನ ತಿರುಳು ಇಲ್ಲಿದೆ: ರೋಗಿಗಳ ತಲೆ ಎಣಿಸಿದರೆ ಹಂಚಿಕೆ ಸಮ, ಕೆಲಸ ಎಣಿಸಿದರೆ ಅಲ್ಲ.

ಇದು ಹಂಚಿಕೆಯ ದೋಷವೋ, ಸಿಬ್ಬಂದಿಯ ಕೊರತೆಯೋ ಎಂದು ತಿಳಿಯುವುದು ಹೇಗೆ?

ಪತ್ರ ಬರೆಯುವ ಮೊದಲು ಇದನ್ನು ತೀರ್ಮಾನಿಸಲೇಬೇಕು, ಏಕೆಂದರೆ ಎರಡಕ್ಕೂ ಪರಿಹಾರ ಬೇರೆ. ಪಾಳಿಯಲ್ಲಿರುವ ಮೂವರೂ ಬೆಳಗಿನವರೆಗೆ ಓಡುತ್ತಿದ್ದರೆ, ಮೂವರ ಔಷಧಿಗಳೂ ತಡವಾಗುತ್ತಿದ್ದರೆ ಅದು ಕೊರತೆ. ಹೇಗೆ ಹಂಚಿದರೂ ಕೆಲಸ ಕಡಿಮೆಯಾಗುವುದಿಲ್ಲ, ನಾಲ್ಕನೆಯ ಸಿಸ್ಟರ್ ಬೇಕು. ಆ ಬೇಡಿಕೆಯನ್ನು ಮೂವರೂ ಸೇರಿ ಇಡಬೇಕು. ಒಬ್ಬರ ಕೆಲಸ ಮಾತ್ರ ಸದಾ ಹಿಂದೆ ಬೀಳುತ್ತಿದ್ದು, ಉಳಿದವರದು ಹೊತ್ತಿಗೆ ಸರಿಯಾಗಿ ಮುಗಿಯುತ್ತಿದ್ದರೆ ಅದು ಹಂಚಿಕೆಯ ದೋಷ.

ಎರಡೂ ಒಟ್ಟಿಗೆ ಇರುವ ವಾರ್ಡ್‌ಗಳೇ ಹೆಚ್ಚು. ಆಗಲೂ ಒಂದೇ ಪತ್ರದಲ್ಲಿ ಎರಡನ್ನೂ ತುರುಕಬೇಡಿ. ಕೊರತೆಯ ಮಾತು ಬಂದ ಕೂಡಲೇ ಆಡಳಿತದವರು 'ನೇಮಕಾತಿ ನಡೆಯುತ್ತಿದೆ' ಎಂದು ಒಂದು ಸಾಲಿನ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನಾಳೆಯಿಂದಲೇ ಬದಲಿಸಬಹುದಾಗಿದ್ದ ಹಂಚಿಕೆ ಹಾಗೆಯೇ ಉಳಿಯುತ್ತದೆ.

ಪತ್ರಕ್ಕೆ ಮೊದಲು ಏನನ್ನು ಬರೆದಿಟ್ಟುಕೊಳ್ಳಬೇಕು?

ಒಂದು ಚಿಕ್ಕ ನೋಟ್‌ಬುಕ್ ಸಾಕು. ಪಾಳಿ ಮುಗಿದ ದಿನವೇ ಬರೆಯಿರಿ, ವಾರ ಕಳೆದ ಮೇಲೆ ನೆನಪಿನಿಂದ ಬರೆದದ್ದಕ್ಕೆ ತೂಕವಿಲ್ಲ. ದಿನಾಂಕ, ನಿಮಗೆ ಕೊಟ್ಟ ಹಾಸಿಗೆಗಳು, ಅವುಗಳಲ್ಲಿ ತುಂಬಿದ್ದೆಷ್ಟು, ಆಮ್ಲಜನಕದ ಮೇಲೆ ಎಷ್ಟು ಜನ, ಗಂಟೆಗೊಮ್ಮೆ ಅಥವಾ ಎರಡು ಗಂಟೆಗೊಮ್ಮೆ ನೋಡಬೇಕಾದವರು ಎಷ್ಟು, ಆ ರಾತ್ರಿ ವಾರ್ಡಿಗೆ ಬಂದ ಅಡ್ಮಿಷನ್‌ಗಳಲ್ಲಿ ನಿಮಗೆ ಬಂದದ್ದೆಷ್ಟು ಎಂಬುದಿಷ್ಟು ಇರಲಿ. ಉಳಿದ ಇಬ್ಬರ ಹಾಸಿಗೆಗಳ ಬಗ್ಗೆಯೂ ಇದೇ ವಿವರ ಬೇಕು. ನಿಮ್ಮ ಭಾರವನ್ನು ಮಾತ್ರ ಬರೆದರೆ ಅದು ಬರೀ ಗೋಳಾಗುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗಲೇ ಅಂತರ ಕಾಣುವುದು. ಎರಡು ವಾರದ ರಾತ್ರಿ ಪಾಳಿಗಳು ಸಾಕು. ಒಂದೆರಡು ರಾತ್ರಿಗಳದ್ದಾದರೆ 'ಆ ದಿನ ಹಾಗಾಯಿತು' ಎಂದು ತಳ್ಳಿಹಾಕುತ್ತಾರೆ.

ಎಲ್ಲರಿಗೂ ಸೇರಿದ, ಆದರೆ ಯಾರ ಹೆಸರಿಗೂ ಬರೆಯದ ಕೆಲಸಗಳನ್ನೂ ಗಮನಿಸಿ. ಕ್ರ್ಯಾಶ್ ಕಾರ್ಟ್ ಪರಿಶೀಲನೆ, ಫಾರ್ಮಸಿಗೆ ಇಂಡೆಂಟ್, ಮಧ್ಯರಾತ್ರಿಯ ಸೆನ್ಸಸ್, ಫೋನ್ ಎತ್ತುವುದು. ಇವು ದಾಕ್ಷಿಣ್ಯ ಜಾಸ್ತಿ ಇರುವವರ ತಲೆಗೇ ಬಂದು ಕೂರುತ್ತವೆ.

ಸಾಕ್ಷಿಗಾಗಿ ಕೇಸ್ ಶೀಟ್, ಚಾರ್ಟ್‌ಗಳ ಫೋಟೋ ತೆಗೆಯಬಹುದೇ?

ಬೇಡವೇ ಬೇಡ. ಅದು ರೋಗಿಯ ಖಾಸಗಿ ದಾಖಲೆ. ನಿಮ್ಮ ಮೊಬೈಲ್‌ನಲ್ಲಿ ಅದು ಸಿಕ್ಕರೆ ಹಂಚಿಕೆಯ ಪ್ರಶ್ನೆ ಮೂಲೆಗೆ ಹೋಗಿ ನಿಮ್ಮ ಮೇಲೆಯೇ ವಿಚಾರಣೆ ಶುರುವಾಗುತ್ತದೆ. ನೋಟ್‌ಬುಕ್‌ನಲ್ಲೂ ಪತ್ರದಲ್ಲೂ ರೋಗಿಯ ಹೆಸರು, ಐಪಿ ಸಂಖ್ಯೆ ಇರಬಾರದು. ಹಾಸಿಗೆ ಸಂಖ್ಯೆಯೂ ಮಾಡಬೇಕಾದ ಕೆಲಸವೂ ಇದ್ದರೆ ಸಾಕು. ದಿನಾಂಕ ಸರಿಯಾಗಿದ್ದರೆ ಆಡಳಿತದವರೇ ತಮ್ಮ ರಿಜಿಸ್ಟರ್ ತೆಗೆದು ಹೋಲಿಸಿ ನೋಡುತ್ತಾರೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. 10 ಗಂಟೆಯ ಆಂಟಿಬಯೋಟಿಕ್ ಅನ್ನು 11.20ಕ್ಕೆ ಕೊಟ್ಟಿದ್ದರೆ ಚಾರ್ಟ್‌ನಲ್ಲಿ 11.20 ಎಂದೇ ಬರೆಯಿರಿ, ಕಾರಣವನ್ನೂ ನರ್ಸಿಂಗ್ ನೋಟ್ಸ್‌ನಲ್ಲಿ ಒಂದು ಸಾಲಿನಲ್ಲಿ ನಮೂದಿಸಿ. ಬೈಗುಳಕ್ಕೆ ಹೆದರಿ 10 ಎಂದು ಬರೆದರೆ ಮುಂದಿನ ಡೋಸ್‌ನ ಅಂತರ ಕೆಟ್ಟು ರೋಗಿಗೆ ತೊಂದರೆಯಾಗಬಹುದು. ಮೇಲಾಗಿ, ಎಲ್ಲ ಔಷಧಿಯೂ ಹೊತ್ತಿಗೆ ಸರಿಯಾಗಿ ಕೊಟ್ಟಂತೆ ಚಾರ್ಟ್ ಹೇಳುತ್ತಿರುವಾಗ 'ನನಗೆ ಸಮಯ ಸಾಲುತ್ತಿಲ್ಲ' ಎಂಬ ನಿಮ್ಮ ಪತ್ರವನ್ನು ಯಾರು ನಂಬುತ್ತಾರೆ?

ಕಡಿಮೆ ಕೆಲಸ ಮಾಡುವ ಸಹೋದ್ಯೋಗಿಯ ಹೆಸರು ಬರೆಯಬೇಕೇ?

ಹಂಚಿಕೆಯ ದೂರಿನಲ್ಲಿ ಬೇಡ. ಹಾಸಿಗೆ ಹಂಚಿದವರು ಆ ಸಿಸ್ಟರ್ ಅಲ್ಲ. ಅವರಿಗೆ ಹಗುರವಾದ ಭಾಗ ಸಿಕ್ಕಿದೆ, ಅಷ್ಟೇ. ಹೆಸರು ಬರೆದ ಕ್ಷಣ ಪತ್ರ ಇಬ್ಬರ ನಡುವಿನ ಜಗಳವಾಗುತ್ತದೆ. ಇಬ್ಬರನ್ನೂ ಕರೆಸಿ 'ಹೊಂದಿಕೊಂಡು ಹೋಗಿ' ಎಂದು ಹೇಳಿ ಕಳಿಸಿದರೆ ಕಡತ ಮುಚ್ಚಿತು, ಮರುದಿನ ಡ್ಯೂಟಿ ಹಾಕುವವರು ಅದೇ ಪಟ್ಟಿ ಬರೆಯುತ್ತಾರೆ. '21ರಿಂದ 30ರ ಹಾಸಿಗೆಗಳ ಸಿಸ್ಟರ್' ಎಂದಷ್ಟೇ ಬರೆಯಿರಿ.

ತಮಗೆ ವಹಿಸಿದ ರೋಗಿಯನ್ನೇ ನೋಡದೆ ಮಲಗುವುದು, ಕರೆದರೂ ಬರದಿರುವುದು ಬೇರೆ ವಿಷಯ. ಅದು ಕರ್ತವ್ಯಲೋಪ. ಅದನ್ನು ದಿನಾಂಕ, ಗಂಟೆ ಸಮೇತ ಪ್ರತ್ಯೇಕವಾಗಿ ಬರೆಯಬೇಕು, ಅಲ್ಲಿ ಹೆಸರು ಬೇಕಾಗುತ್ತದೆ. ಲೈಂಗಿಕ ಬೇಡಿಕೆಯನ್ನು ನಿರಾಕರಿಸಿದ್ದಕ್ಕಾಗಿ ಭಾರದ ಕೆಲಸ ಹಾಕುತ್ತಿದ್ದರೆ ಅದು ಹಂಚಿಕೆಯ ದೂರೇ ಅಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಸ್ಪತ್ರೆಯ ಆಂತರಿಕ ಸಮಿತಿಗೆ ಕೊಡಬೇಕಾದ ದೂರು ಅದು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಿ.

ಪತ್ರ ಯಾರಿಗೆ? ನೇರವಾಗಿ ಮೇಲಿನವರಿಗೇ ಕೊಡಬಹುದೇ?

ಮೊದಲು ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗೆ. ಪಟ್ಟಿ ಹಾಕುವವರು ಅವರೇ ಆಗಿದ್ದರೂ ಸರಿ, ಅವರನ್ನು ದಾಟಿ ಹೋದಿರಿ ಎಂಬ ಮಾತು ಬರಬಾರದು. ಪತ್ರವನ್ನು ನರ್ಸಿಂಗ್ ಸೂಪರಿಂಟೆಂಡೆಂಟ್ ಅವರ ಹೆಸರಿಗೆ ಬರೆದು 'ವಾರ್ಡ್ ಇನ್‌ಚಾರ್ಜ್ ಅವರ ಮೂಲಕ' ಎಂದು ಸೇರಿಸುವುದು ವಾಡಿಕೆಯಲ್ಲಿರುವ ಒಳ್ಳೆಯ ದಾರಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ 'ಮೂಲಕ' ಇಲ್ಲದೆ ಪತ್ರ ಮುಂದೆ ಹೋಗುವುದೇ ಕಷ್ಟ. ಏಜೆನ್ಸಿಯ ಮೂಲಕ ಗುತ್ತಿಗೆಯಲ್ಲಿರುವವರು ಒಂದು ಪ್ರತಿಯನ್ನು ಏಜೆನ್ಸಿಗೂ ಕೊಡಬೇಕು. ಸಂಬಳ ಕೊಡುವವರು ಅವರು, ಹಾಸಿಗೆ ಹಂಚುವವರು ಆಸ್ಪತ್ರೆಯವರು. ಒಬ್ಬರಿಗೆ ಮಾತ್ರ ಕೊಟ್ಟರೆ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಎರಡು ಪ್ರತಿ ಮಾಡಿಸಿ, ಒಂದರ ಮೇಲೆ 'ಸ್ವೀಕರಿಸಿದೆ' ಎಂದು ದಿನಾಂಕದೊಂದಿಗೆ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಅದೇ ಪತ್ರವನ್ನು ಅದೇ ದಿನ ಇಮೇಲ್‌ನಲ್ಲಿ ಕಳಿಸಿ. ವಾರ್ಡಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವುದು ದೂರು ಕೊಟ್ಟಂತಲ್ಲ.

ಪತ್ರದ ಮಾದರಿ ಕೊಡುತ್ತೀರಾ?

ಮೇಲೆ ಹೇಳಿದ ವಾರ್ಡಿನ ಮೊದಲ ಹತ್ತು ಹಾಸಿಗೆಗಳ ಸಿಸ್ಟರ್ ಬರೆಯಬಹುದಾದ ಪತ್ರ ಇದು. ಅಂಕಿಗಳು ಮಾದರಿಗಾಗಿ ಮಾತ್ರ, ನಿಮ್ಮ ನೋಟ್‌ಬುಕ್‌ನಲ್ಲಿರುವುದನ್ನು ಹಾಕಿಕೊಳ್ಳಿ.

> ಇವರಿಗೆ,
> ನರ್ಸಿಂಗ್ ಸೂಪರಿಂಟೆಂಡೆಂಟ್ ಅವರು
> (ಜನರಲ್ ಮೆಡಿಸಿನ್ ವಾರ್ಡ್ ಇನ್‌ಚಾರ್ಜ್ ಅವರ ಮೂಲಕ)
>
> ವಿಷಯ: ರಾತ್ರಿ ಪಾಳಿಯಲ್ಲಿ ರೋಗಿಗಳ ಹಂಚಿಕೆಯನ್ನು ಮರುಪರಿಶೀಲಿಸುವಂತೆ ಕೋರಿಕೆ
>
> ಮಾನ್ಯರೇ,
>
> ನಾನು ಜನರಲ್ ಮೆಡಿಸಿನ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳ 5ರಿಂದ 18ರವರೆಗೆ ನಾನು ಮಾಡಿದ 9 ರಾತ್ರಿ ಪಾಳಿಗಳ ಪೈಕಿ 8ರಲ್ಲಿ ನನಗೆ 1ರಿಂದ 10ರ ಹಾಸಿಗೆಗಳನ್ನು ವಹಿಸಲಾಗಿತ್ತು. ಆಮ್ಲಜನಕ ಮತ್ತು ಸಕ್ಷನ್ ಸೌಲಭ್ಯ ಈ ಭಾಗದಲ್ಲಿ ಮಾತ್ರ ಇರುವುದರಿಂದ ಗಂಭೀರ ರೋಗಿಗಳು ಇಲ್ಲಿಯೇ ಇರುತ್ತಾರೆ. ಆ ರಾತ್ರಿಗಳಲ್ಲಿ ವಾರ್ಡಿಗೆ ಬಂದ 14 ಅಡ್ಮಿಷನ್‌ಗಳಲ್ಲಿ 9 ಇದೇ ಭಾಗಕ್ಕೆ ಬಂದಿವೆ. ದಿನವಾರು ವಿವರವನ್ನು ಲಗತ್ತಿಸಿದ್ದೇನೆ.
>
> ಇದರಿಂದ 3 ರಾತ್ರಿ ಔಷಧಿ ಕೊಡುವುದು ಒಂದು ಗಂಟೆಗಿಂತ ಹೆಚ್ಚು ತಡವಾಗಿದೆ. ತಡವಾದ ಸಮಯವನ್ನು ಚಾರ್ಟ್‌ನಲ್ಲಿ ಇದ್ದಂತೆಯೇ ನಮೂದಿಸಿದ್ದೇನೆ. ರೋಗಿಗಳ ಸುರಕ್ಷತೆಯ ದೃಷ್ಟಿಯಿಂದ ಇದು ಮುಂದುವರಿಯಬಾರದು ಎಂಬುದು ನನ್ನ ಕಳಕಳಿ.
>
> ಆದ್ದರಿಂದ, ಗಂಟೆಗೊಮ್ಮೆ ನೋಡಬೇಕಾದ ರೋಗಿಗಳು ಒಬ್ಬರಿಗಿಂತ ಹೆಚ್ಚು ಇದ್ದಾಗ ಒಬ್ಬರನ್ನು ಬೇರೆ ಭಾಗದ ಸಿಸ್ಟರ್‌ಗೆ ವಹಿಸಬೇಕೆಂದೂ, ಹೊಸ ಅಡ್ಮಿಷನ್ ಯಾವ ಹಾಸಿಗೆಗೆ ಬಂದರೂ ಅದರ ಆರಂಭಿಕ ಕೆಲಸವನ್ನು ಮೂವರೂ ಸರದಿಯಂತೆ ಮಾಡುವ ವ್ಯವಸ್ಥೆಯಾಗಬೇಕೆಂದೂ, 1ರಿಂದ 10ರ ಭಾಗವನ್ನು ಸರದಿಯಂತೆ ಎಲ್ಲರಿಗೂ ವಹಿಸಬೇಕೆಂದೂ ಕೋರುತ್ತೇನೆ. ಈ ಕುರಿತು ತಮ್ಮನ್ನು ಭೇಟಿಯಾಗಿ ವಿವರಿಸಲು ಅವಕಾಶ ನೀಡಬೇಕೆಂದು ವಿನಂತಿ.
>
> ತಮ್ಮ ವಿಶ್ವಾಸಿ,
> (ಸಹಿ, ಹೆಸರು, ಉದ್ಯೋಗಿ ಸಂಖ್ಯೆ, ದಿನಾಂಕ)

ಒಂದು ಪುಟ ದಾಟಬಾರದು. 'ಯಾವಾಗಲೂ', 'ಬೇಕೆಂದೇ', 'ತಾರತಮ್ಯ' ಎಂಬ ಪದಗಳು ಇದರಲ್ಲಿ ಇಲ್ಲದಿರುವುದನ್ನು ಗಮನಿಸಿ. 9ರಲ್ಲಿ 8 ಎಂದು ಬರೆದ ಮೇಲೆ ಅವುಗಳ ಅಗತ್ಯವಿಲ್ಲ.

ಹಾಸಿಗೆಗಳನ್ನು ಚದುರಿಸಿ ಹಂಚಿ ಎಂದು ಕೇಳಬಾರದೇ?

ಕೇಳಬಹುದು, ಆದರೆ ಆ ಬೇಡಿಕೆ ನಿಲ್ಲುವುದಿಲ್ಲ. 2, 14 ಮತ್ತು 29 ಒಬ್ಬರಿಗೇ ಬಂದರೆ ವಾರ್ಡಿನ ಈ ತುದಿಯಿಂದ ಆ ತುದಿಗೆ ಓಡಬೇಕು. ಒಬ್ಬ ರೋಗಿಯ ಹತ್ತಿರ ನಿಂತಾಗ ಇನ್ನೊಬ್ಬರು ಕಣ್ಣಿಗೆ ಬೀಳುವುದಿಲ್ಲ. ಇನ್‌ಚಾರ್ಜ್ ಸಿಸ್ಟರ್ ಹೇಳುವ ಈ ಆಕ್ಷೇಪಣೆ ನ್ಯಾಯವಾದದ್ದೇ. ಅದಕ್ಕೇ ಮಾದರಿ ಪತ್ರದಲ್ಲಿ ಭಾಗಗಳನ್ನು ಹಾಗೆಯೇ ಉಳಿಸಿ, ಅತಿ ಭಾರದ ಒಬ್ಬ ರೋಗಿಯನ್ನು ಮಾತ್ರ ಬದಲಿಸಲು ಕೇಳಿದ್ದು. ರಾತ್ರಿ 8ರ ಹ್ಯಾಂಡೋವರ್‌ನಲ್ಲಿ ಪ್ರತಿ ಹಾಸಿಗೆಯ ಎದುರು ಭಾರ, ಮಧ್ಯಮ, ಹಗುರ ಎಂದು ಗುರುತು ಹಾಕಿಕೊಂಡರೆ ಯಾರನ್ನು ಬದಲಿಸಬೇಕೆಂಬುದು ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಮಗ್ಗುಲು ಬದಲಿಸುವಂಥ ಕೆಲಸಕ್ಕೆ ಹೇಗೂ ಇಬ್ಬರು ಬೇಕು. ಅದನ್ನು ಇಡೀ ವಾರ್ಡಿಗೆ ಒಂದೇ ಸುತ್ತಿನಲ್ಲಿ ಇಬ್ಬರು ಸೇರಿ ಮಾಡುವುದು ಉತ್ತಮ.

'ನೀನು ಹೊಸಬಳು, ಕಲಿಯಬೇಕಲ್ಲ' ಎನ್ನುತ್ತಾರೆ. ಏನು ಹೇಳಲಿ?

ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೊಸಬರು ಕಲಿಯಬೇಕು, ನಿಜ. ಆದರೆ ಕಲಿಯುವುದು ಪಕ್ಕದಲ್ಲಿ ಒಬ್ಬ ಅನುಭವಿ ನಿಂತಿದ್ದಾಗ. ಟ್ರಕಿಯಾಸ್ಟಮಿ ರೋಗಿಯನ್ನೂ ಇನ್ಸುಲಿನ್ ರೋಗಿಯನ್ನೂ ಒಟ್ಟಿಗೆ ವಹಿಸಿ, ಹಿರಿಯರು ವಾರ್ಡಿನ ಆ ತುದಿಯಲ್ಲಿ ಕುಳಿತರೆ ಅದನ್ನು ತರಬೇತಿ ಎನ್ನಲಾಗದು. ಅತಿ ಗಂಭೀರ ರೋಗಿ ಅತಿ ಕಡಿಮೆ ಅನುಭವದವರ ಕೈಗೆ ಹೋಗುತ್ತಿದ್ದಾರೆ ಎಂಬುದೇ ಪತ್ರದಲ್ಲಿ ಬರೆಯಬಹುದಾದ ಗಟ್ಟಿ ಕಾರಣ. 'ಮೇಡಂ, ಕಲಿಯಲು ಸಿದ್ಧಳಿದ್ದೇನೆ, ಈ ಭಾಗಕ್ಕೆ ನನ್ನ ಜೊತೆ ಒಬ್ಬ ಹಿರಿಯ ಸಿಸ್ಟರ್ ಅವರನ್ನು ಹಾಕಿಕೊಡಿ' ಎಂದು ವಿನಯದಿಂದಲೇ ಕೇಳಿ.

ಉತ್ತರವೇ ಬರದಿದ್ದರೆ?

ಹದಿನೈದು ದಿನ ಕಾದು, ಮೊದಲ ಪತ್ರದ ದಿನಾಂಕ ಉಲ್ಲೇಖಿಸಿ ಒಂದು ನೆನಪೋಲೆ ಕೊಡಿ. ಅದಕ್ಕೂ ಮೌನವೇ ಉತ್ತರವಾದರೆ ಕುಂದುಕೊರತೆ ನಿವಾರಣಾ ಸಮಿತಿ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಈ ಸಮಿತಿ ಇರಲೇಬೇಕು. ಆಡಳಿತದವರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿ, ಒಟ್ಟು ಹತ್ತು ಮಂದಿ ಮೀರದಂತೆ ಇರುತ್ತಾರೆ. ಕುಂದುಕೊರತೆ ಹುಟ್ಟಿದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ಸಮಿತಿ 30 ದಿನಗಳಲ್ಲಿ ವಿಚಾರಣೆ ಮುಗಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಅಥವಾ ಆ ಅವಧಿಯಲ್ಲಿ ಬರದೇ ಇದ್ದರೆ 60 ದಿನದೊಳಗೆ, ನೀವು ಸದಸ್ಯರಾಗಿರುವ ಕಾರ್ಮಿಕ ಸಂಘದ ಮೂಲಕ, ರಾಜಿ ಸಂಧಾನ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು.

ಧರ್ಮಾರ್ಥ ಸಂಸ್ಥೆಗಳು ನಡೆಸುವ ಆಸ್ಪತ್ರೆಗಳು ಈ ಸಂಹಿತೆಯ ವ್ಯಾಪ್ತಿಯಿಂದ ಹೊರಗುಳಿಯಬಹುದು. ಅಲ್ಲಿ ಕೆಲಸ ಮಾಡುವವರು ಮೊದಲು ಸಂಘದವರನ್ನೋ ಕಾರ್ಮಿಕ ವಿಷಯ ಬಲ್ಲ ವಕೀಲರನ್ನೋ ಕೇಳಿಕೊಳ್ಳಲಿ. ಸರ್ಕಾರಿ ನೌಕರರು ತಮ್ಮ ಸೇವಾ ನಿಯಮದಂತೆ ಮೇಲಧಿಕಾರಿಗಳ ಮೂಲಕವೇ ಹೋಗಬೇಕು.

ದೂರು ಕೊಟ್ಟದ್ದಕ್ಕೆ ಡ್ಯೂಟಿ ಕೆಡಿಸಿದರೆ, ಬೇರೆ ವಾರ್ಡಿಗೆ ಎತ್ತಿ ಹಾಕಿದರೆ?

ಹೀಗೆ ಆಗುವುದುಂಟು, ಸುಳ್ಳು ಧೈರ್ಯ ಹೇಳುವುದಿಲ್ಲ. ಸಾಲಾಗಿ ರಾತ್ರಿ ಪಾಳಿ ಹಾಕುವುದು, ಕೇಳಿದ ರಜೆ ತಳ್ಳಿಹಾಕುವುದು ಮೊದಲು ಕಾಣುವ ಲಕ್ಷಣಗಳು. ದೂರಿಗೆ ಮೊದಲಿನ ಮೂರು ತಿಂಗಳ ಡ್ಯೂಟಿ ಪಟ್ಟಿಯಲ್ಲಿ ನಿಮ್ಮ ಪಾಳಿಗಳನ್ನು ಬರೆದಿಟ್ಟುಕೊಂಡಿದ್ದರೆ ಮುಂದಿನದರ ಜೊತೆ ಹೋಲಿಸಿ ತೋರಿಸಬಹುದು. ದುರುದ್ದೇಶದ ವರ್ಗಾವಣೆಯನ್ನೂ, ಅರ್ಹತೆ ನೋಡದೆ ಒಂದು ಗುಂಪಿಗೆ ಪಕ್ಷಪಾತ ತೋರುವುದನ್ನೂ ಅದೇ ಸಂಹಿತೆ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಇದನ್ನು ಮೊದಲ ಪತ್ರದಲ್ಲೇ ಬೆದರಿಕೆಯಂತೆ ಬರೆಯಬೇಡಿ, ಸಂಘದವರ ಕೈಯಲ್ಲಿರಲಿ.

ಉಳಿದ ಸಿಸ್ಟರ್‌ಗಳೂ ಸಹಿ ಹಾಕುವುದಾದರೆ ಒಳ್ಳೆಯದು. 1ರಿಂದ 10ರಲ್ಲಿ ಕೆಲಸ ಮಾಡಿದ ಇನ್ನೊಬ್ಬರ ಸಹಿ ಇದ್ದರೂ ಅದು ಒಬ್ಬರ ತಕರಾರಾಗಿ ಉಳಿಯುವುದಿಲ್ಲ. ಒಲ್ಲದವರನ್ನು ಒತ್ತಾಯಿಸಬೇಡಿ. ವಿಚಾರಣೆಯಲ್ಲಿ ಅವರು 'ಓದದೆ ಸಹಿ ಹಾಕಿದೆ' ಎಂದರೆ ನಿಮ್ಮ ಪತ್ರವೇ ಸಡಿಲವಾಗುತ್ತದೆ.

ಹಂಚಿಕೆ ಬದಲಾಯಿತು. ಇನ್ನು ನೋಟ್‌ಬುಕ್ ಬೇಕೇ?

ಇನ್ನೊಂದು ತಿಂಗಳು ಮುಂದುವರಿಸಿ. ಮೊದಲ ವಾರ ಸರದಿ ಸರಿಯಾಗಿ ನಡೆದು, ಇನ್‌ಚಾರ್ಜ್ ರಜೆಗೆ ಹೋದ ಕೂಡಲೇ ಹಳೆಯ ಪಟ್ಟಿಗೆ ಮರಳುವುದು ಸಾಮಾನ್ಯ. ಅಡ್ಮಿಷನ್ ಸರದಿಯನ್ನು ನರ್ಸಿಂಗ್ ಸ್ಟೇಷನ್‌ನ ಬೋರ್ಡ್‌ನಲ್ಲಿ ಬರೆಯುವ ರೂಢಿ ಮಾಡಿಸಿ, ಕಳೆದ ಅಡ್ಮಿಷನ್ ಯಾರು ನೋಡಿದರು ಎಂಬ ವಾದವೇ ಇರುವುದಿಲ್ಲ. ನಿಮ್ಮ ಭಾರ ಇಳಿದು ಈಗ ಮತ್ತೊಬ್ಬ ಸಿಸ್ಟರ್ ಬೆಳಗಿನವರೆಗೆ ಓಡುತ್ತಿದ್ದರೆ, ಅದೇ ನೋಟ್‌ಬುಕ್ ತೆಗೆದುಕೊಂಡು ಈ ಸಲ ಇಬ್ಬರೂ ಸೇರಿ ಇನ್‌ಚಾರ್ಜ್ ಬಳಿ ಹೋಗಿ.